667.8ರ ಕೆಂಪು ಗೆರೆ: ಹೀಲಿಯಮ್ಮೋ, ಓಡುವ ಹೈಡ್ರೋಜನ್ನೋ?

ಒಂದು ಸ್ಪೆಕ್ಟ್ರಮ್‌ನಲ್ಲಿ, ಅಂದರೆ ಬೆಳಕನ್ನು ಅಲೆಯುದ್ದದ ಪ್ರಕಾರ ಬಿಡಿಸಿ ಹರಡಿದ ಚಿತ್ರದಲ್ಲಿ, 667.8 ನ್ಯಾನೋಮೀಟರ್ ಜಾಗದಲ್ಲಿ ಒಂದು ಕೆಂಪು ಗೆರೆ ಹೊಳೆಯುತ್ತಿದೆ ಅಂದುಕೊಳ್ಳಿ. ಅದು ಯಾವ ಧಾತುವಿನದು? ಗೆರೆಗಳ ಪಟ್ಟಿ ತೆಗೆದು ನೋಡಿದರೆ ಉತ್ತರ ಥಟ್ಟನೆ ಸಿಗುತ್ತದೆ: ಹೀಲಿಯಂ. ಅದಕ್ಕೆ ಸರಿಯಾಗಿ ಆ ಜಾಗದಲ್ಲೇ ಒಂದು ಗೆರೆ ಇದೆ. ಆದರೆ ಆ ಬೆಳಕು ಎನ್‌ಜಿಸಿ 1275 ಅನ್ನೋ ಗ್ಯಾಲಕ್ಸಿಯಿಂದ ಬಂದಿದ್ದರೆ ಈ ಉತ್ತರ ಪೂರ್ತಿ ತಪ್ಪು. ಅದು ಹೈಡ್ರೋಜನ್. ಸಾಮಾನ್ಯವಾಗಿ 656.28ರಲ್ಲಿ ಇರಬೇಕಾದ ಹೈಡ್ರೋಜನ್ ಗೆರೆ, ಗ್ಯಾಲಕ್ಸಿ ನಮ್ಮಿಂದ ದೂರ ಹೋಗುತ್ತಿರುವುದರಿಂದ ಸರಿದುಬಂದು ಹೀಲಿಯಂ ಕೂರುವ ಜಾಗದಲ್ಲಿ ಕೂತಿದೆ.

ಅಂದರೆ ಗೆರೆ ಎಲ್ಲಿದೆ ಅನ್ನೋದರಲ್ಲಿ ಎರಡು ವಿಷಯ ಬೆರೆತಿವೆ. ಯಾವ ಧಾತು ಅನ್ನೋದು ಒಂದು, ಎಷ್ಟು ವೇಗ ಅನ್ನೋದು ಇನ್ನೊಂದು. ವೇಗ ಗೊತ್ತಿಲ್ಲದೆ ಧಾತು ಹೇಳೋಕಾಗಲ್ಲ. ಧಾತು ಗೊತ್ತಿಲ್ಲದೆ ವೇಗ ಹೇಳೋಕಾಗಲ್ಲ. ಖಗೋಳದ ಬಗ್ಗೆ ಬರೆಯುವವರು ಎರಡನ್ನೂ ಬೇರೆ ಬೇರೆ ಅಧ್ಯಾಯ ಮಾಡಿ ವಿವರಿಸುತ್ತಾರೆ. ನನ್ನ ಪ್ರಕಾರ ನಿಜವಾದ ಸ್ವಾರಸ್ಯ ಇರೋದು ಈ ಗಂಟನ್ನು ಬಿಚ್ಚುವುದರಲ್ಲಿ.

ನಾನು ಕೆಲಸ ಮಾಡೋದು ತೋರಣಗಲ್ಲು ಕಡೆ, ಉಕ್ಕಿನ ಕಾರ್ಖಾನೆಯೊಂದರ ಲ್ಯಾಬ್‌ನಲ್ಲಿ. ಗೆರೆ ಓದೋದೇ ನಮ್ಮ ಶಿಫ್ಟಿನ ಕೆಲಸ. ಕರಗಿದ ಉಕ್ಕಿನಿಂದ ಎತ್ತಿದ ಸ್ಯಾಂಪಲ್ ಲಾಲಿಪಾಪ್ ಆಕಾರದಲ್ಲಿ ಗಟ್ಟಿಯಾಗಿ ಲ್ಯಾಬ್‌ಗೆ ಬರುತ್ತದೆ. ಅದರ ಮುಖವನ್ನು ಉಜ್ಜಿ ಸಪಾಟು ಮಾಡಿ, ಸ್ಪೆಕ್ಟ್ರೋ ಸ್ಟ್ಯಾಂಡಿನ ಮೇಲೆ ಬೋರಲು ಇಡುತ್ತೇವೆ. ಕೆಳಗೆ ಆರ್ಗಾನ್ ಅನಿಲ ಹರಿಯುತ್ತದೆ, ಚಟಪಟ ಅಂತ ಸ್ಪಾರ್ಕ್ ಹೊಡೆಯುತ್ತದೆ. ಲೋಹದ ಒಂದು ಚೂರು ಆವಿಯಾಗಿ ಹೊಳೆಯುತ್ತದೆ. ಆ ಬೆಳಕು ಸಣ್ಣ ಸೀಳಿನಿಂದ ಒಳಗೆ ಹೋಗಿ, ಒತ್ತೊತ್ತಾಗಿ ಗೀರು ಹಾಕಿದ ಗ್ರೇಟಿಂಗ್‌ಗೆ ಬಡಿದು, ಅಲೆಯುದ್ದದ ಪ್ರಕಾರ ಹರಡಿಕೊಳ್ಳುತ್ತದೆ. ಮ್ಯಾಂಗನೀಸ್ ಇದ್ದರೆ ಮ್ಯಾಂಗನೀಸ್ ಜಾಗದಲ್ಲಿ ಬೆಳಕು ಬೀಳುತ್ತದೆ, ಕ್ರೋಮಿಯಂ ಇದ್ದರೆ ಕ್ರೋಮಿಯಂ ಜಾಗದಲ್ಲಿ. ಸ್ವಲ್ಪ ಹೊತ್ತಿಗೆ ಸ್ಕ್ರೀನ್ ಮೇಲೆ ಶೇಕಡಾವಾರು ಅಂಕಿ ಬರುತ್ತವೆ.

ಪ್ರತಿ ಧಾತುವಿಗೂ ತನ್ನದೇ ಗೆರೆ ಯಾಕೆ? ಪರಮಾಣುವಿನ ಎಲೆಕ್ಟ್ರಾನ್‌ಗಳು ಮನಸ್ಸಿಗೆ ಬಂದ ಶಕ್ತಿಯಲ್ಲಿ ಇರುವ ಹಾಗಿಲ್ಲ. ಅವಕ್ಕೆ ಗೊತ್ತುಮಾಡಿದ ಮಟ್ಟಗಳಿವೆ, ಆ ಮಟ್ಟಗಳು ಒಂದೊಂದು ಧಾತುವಿಗೂ ಬೇರೆ ಬೇರೆ. ಮೇಲಿನ ಮಟ್ಟದಿಂದ ಕೆಳಗಿನದಕ್ಕೆ ಇಳಿದಾಗ, ನಡುವಿನ ವ್ಯತ್ಯಾಸದಷ್ಟೇ ಶಕ್ತಿಯ ಬೆಳಕು ಹೊರಬರುತ್ತದೆ. ಹೈಡ್ರೋಜನ್‌ನಲ್ಲಿ ಮೂರನೇ ಮಟ್ಟದಿಂದ ಎರಡಕ್ಕೆ ಇಳಿದರೆ 656.28, ನಾಲ್ಕರಿಂದ ಎರಡಕ್ಕೆ ಇಳಿದರೆ 486.13. ಭೂಮಿಯ ಮೇಲಿನ ಹೈಡ್ರೋಜನ್ನೂ ಅಷ್ಟೇ, ಗ್ಯಾಲಕ್ಸಿಯ ಹೈಡ್ರೋಜನ್ನೂ ಅಷ್ಟೇ. ಈ ಎರಡು ಅಂಕಿಗಳ ಅನುಪಾತ ತೆಗೆದರೆ 1.35 ಬರುತ್ತದೆ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಲ್ಯಾಬ್‌ನಲ್ಲಿ ಒಂದು ಅನುಕೂಲ ಇದೆ: ಸ್ಯಾಂಪಲ್ ಎಲ್ಲಿಗೂ ಓಡಲ್ಲ. ಹಾಗಾಗಿ ಗೆರೆಯ ಜಾಗ ನೋಡಿ ಸೀದಾ ಧಾತುವಿನ ಹೆಸರು ಹೇಳಬಹುದು. ಆದರೂ ಒಂದೇ ಗೆರೆ ನಂಬಿ ಮೋಸ ಹೋಗುವ ಅಪಾಯ ಇದ್ದೇ ಇದೆ. ಕಬ್ಬಿಣ ಒಂದಕ್ಕೇ ಸಾವಿರಾರು ಗೆರೆಗಳಿವೆ. ನಾವು ಬೇರೆ ಧಾತುವಿನದು ಅಂತ ಓದುತ್ತಿರುವ ಗೆರೆಯ ಪಕ್ಕದಲ್ಲೇ ಕಬ್ಬಿಣದ್ದು ಕೂತಿರಬಹುದು.

ಒಂದು ಗೆರೆಯಿಂದ ಹೊಸ ಧಾತುವೇ ಸಿಕ್ಕ ಕಥೆ ನಮ್ಮ ಭಾಗದ ನೆತ್ತಿಯ ಮೇಲೇ ನಡೆದಿದೆ. 1868ರ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣ. ಜಮಖಂಡಿಯಲ್ಲಿ ಜಾನ್ ಹರ್ಷೆಲ್ ಅನ್ನೋ ಲೆಫ್ಟಿನೆಂಟ್ ಸ್ಪೆಕ್ಟ್ರೋಸ್ಕೋಪ್ ಹಿಡಿದು ಕೂತಿದ್ದ. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಇದ್ದ. ನಕ್ಷೆಯಲ್ಲಿ ಜಮಖಂಡಿಯಿಂದ ಗುಂಟೂರಿಗೆ ಗೆರೆ ಎಳೆಯಿರಿ, ಅದು ರಾಯಚೂರಿನ ಪಕ್ಕದಲ್ಲೇ ಹಾದು ಹೋಗುತ್ತದೆ. ಚಂದ್ರ ಸೂರ್ಯನನ್ನು ಮುಚ್ಚಿದಾಗ ಅಂಚಿನಲ್ಲಿ ಎದ್ದ ಕೆಂಪು ಜ್ವಾಲೆಗಳ ಬೆಳಕಿನಲ್ಲಿ ಹೊಳೆಯುವ ಗೆರೆಗಳು ಕಂಡವು. ಅಂದರೆ ಅವು ಬಿಸಿ ಅನಿಲದ ಜ್ವಾಲೆಗಳು. ಅವುಗಳಲ್ಲಿ ಹೈಡ್ರೋಜನ್ ಗೆರೆಗಳು ಇದ್ದವು, ಜೊತೆಗೆ ಒಂದು ಹಳದಿ ಗೆರೆ. ಹಳದಿ ಅಂದಮೇಲೆ ಸೋಡಿಯಂ ಇರಬೇಕು ಅಂತ ಹಲವರು ಅಂದುಕೊಂಡರು. ಅದೇ ವರ್ಷ ಇಂಗ್ಲೆಂಡಿನಲ್ಲಿ ಲಾಕಿಯರ್ ಗೆರೆಯ ಜಾಗವನ್ನು ಹುಷಾರಾಗಿ ಅಳೆದು, ಇದು ಸೋಡಿಯಂ ಜಾಗ ಅಲ್ಲ ಅಂದ. ಸೋಡಿಯಂ ಗೆರೆಗಳು 589.0 ಮತ್ತು 589.6ರಲ್ಲಿ. ಹೊಸದು 587.6ರಲ್ಲಿ. ಅದೇ ಹೀಲಿಯಂ. ಭೂಮಿಯ ಮೇಲೆ ಅದು ಕೈಗೆ ಸಿಕ್ಕಿದ್ದು 1895ರಲ್ಲಿ, ಯುರೇನಿಯಂ ಇರುವ ಖನಿಜವೊಂದನ್ನು ರಾಮ್ಸೆ ಪರೀಕ್ಷಿಸಿದಾಗ.

ಈಗ ಸ್ವಲ್ಪ ತಕರಾರು ತೆಗೆಯೋಣ. ಅದು ಸೋಡಿಯಂ ಗೆರೆಯೇ ಆಗಿದ್ದು, ಜ್ವಾಲೆ ನಮ್ಮ ಕಡೆ ಜೋರಾಗಿ ನುಗ್ಗುತ್ತಿದ್ದರಿಂದ ಸರಿದಿರಬಾರದೇಕೆ? ಲೆಕ್ಕ ಹಾಕಿದರೆ ಸೆಕೆಂಡಿಗೆ 700 ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ವೇಗ ಇದ್ದರೆ ಸಾಕು, 589.0ರ ಗೆರೆ 587.6ಕ್ಕೆ ಬರುತ್ತದೆ. ಆದರೆ ಈ ವಾದ ಎರಡು ಕಡೆ ಮುರಿದು ಬೀಳುತ್ತದೆ. ಸೋಡಿಯಂ ಯಾವಾಗಲೂ ಜೋಡಿ ಗೆರೆ, ಇಲ್ಲಿ ಕಂಡಿದ್ದು ಒಂಟಿ. ಮತ್ತೆ ಅದೇ ಜ್ವಾಲೆಯ ಹೈಡ್ರೋಜನ್ ಗೆರೆಗಳು ತಮ್ಮ ಜಾಗದಲ್ಲೇ ಇದ್ದವು. ಜ್ವಾಲೆ ಓಡುತ್ತಿದ್ದರೆ ಅದರೊಳಗಿನ ಹೈಡ್ರೋಜನ್ ಮಾತ್ರ ನಿಂತಲ್ಲೇ ನಿಂತಿರುತ್ತಾ? ಒಂದು ಗೆರೆಗೆ ಎಷ್ಟು ಬೇಕಾದರೂ ಕಥೆ ಕಟ್ಟಬಹುದು. ಅಕ್ಕಪಕ್ಕದ ಗೆರೆಗಳು ಆ ಕಥೆಗೆ ಸಾಕ್ಷಿ ಹೇಳಬೇಕು.

ಇದೇ ನಿಯಮ ಇಟ್ಟುಕೊಂಡು ಎನ್‌ಜಿಸಿ 1275ಕ್ಕೆ ಹೋಗೋಣ. ಡಿಸೆಂಬರ್ ಮಧ್ಯದಲ್ಲಿ ರಾತ್ರಿ ಹತ್ತರ ಸುಮಾರಿಗೆ ಬಳ್ಳಾರಿಯಿಂದ ಉತ್ತರಕ್ಕೆ ಮುಖ ಮಾಡಿ ನಿಂತರೆ, ಪೆರ್ಸಿಯಸ್ ನಕ್ಷತ್ರಪುಂಜ ಸಾಕಷ್ಟು ಎತ್ತರದಲ್ಲಿರುತ್ತದೆ. ಅದರ ಅಲ್ಗೋಲ್ ನಕ್ಷತ್ರದ ಪೂರ್ವಕ್ಕೆ ಎರಡು ಡಿಗ್ರಿ ದೂರದಲ್ಲಿ ಈ ಗ್ಯಾಲಕ್ಸಿ ಇದೆ. ಬರಿಗಣ್ಣಿಗೆ ಕಾಣಲ್ಲ. ಸಂಡೂರಿನ ಗುಡ್ಡಗಳ ಹಿಂದೆ ಕತ್ತಲಿರುವ ಜಾಗದಲ್ಲಿ ಒಳ್ಳೆಯ ಟೆಲಿಸ್ಕೋಪ್ ಇಟ್ಟರೂ ಕಾಣೋದು ಒಂದು ಮಸುಕು ಚುಕ್ಕೆ. ಪೆರ್ಸಿಯಸ್ ಗ್ಯಾಲಕ್ಸಿ ಗುಚ್ಛದ ನಟ್ಟನಡುವೆ ಕೂತಿರುವ ದೈತ್ಯ ಅದು. ನಡುವಿನ ಕಪ್ಪು ಕುಳಿ ಇನ್ನೂ ಚಟುವಟಿಕೆಯಿಂದಿದೆ, ಸುತ್ತಲೂ ಹೊಳೆಯುವ ಅನಿಲದ ಎಳೆಗಳು ಚಾಚಿಕೊಂಡಿವೆ.

ಅದರ ಸ್ಪೆಕ್ಟ್ರಮ್‌ನಲ್ಲಿ ಎದ್ದು ಕಾಣುವ ನಾಲ್ಕು ಗೆರೆ ತೆಗೆದುಕೊಳ್ಳೋಣ. ಕೆಂಪಿನಲ್ಲಿ 667.80. ಹಸಿರು ಕಡೆ 494.67, 504.60, 509.47. ನಿಜವಾದ ಗೆರೆಗಳು ಇಷ್ಟು ಚೂಪಾಗಿರಲ್ಲ, ಅಗಲವಾಗಿ ಹರಡಿಕೊಂಡಿರುತ್ತವೆ. ಕೆಂಪು ಗೆರೆಗೆ ಪಕ್ಕದ ನೈಟ್ರೋಜನ್ ಗೆರೆಗಳು ಅಂಟಿಕೊಂಡಿರುತ್ತವೆ. ಅವನ್ನು ಬಿಡಿಸಿ ನಡುಮಧ್ಯ ಗುರುತಿಸುವುದೇ ಒಂದು ಕೆಲಸ. ಇಲ್ಲಿ ಆ ನಡುಮಧ್ಯವನ್ನಷ್ಟೇ ಕೊಟ್ಟಿದ್ದೇನೆ.

ಮೊದಲು ಹೀಲಿಯಂ ವಾದವನ್ನು ಕೇಳೋಣ. 667.8 ಹೀಲಿಯಂ ಆಗಿದ್ದು ಗ್ಯಾಲಕ್ಸಿ ನಿಂತಿದ್ದರೆ, 587.6ರಲ್ಲಿ ಹಳದಿ ಗೆರೆ ಇರಲೇಬೇಕು. ಇಂಥ ಅನಿಲದಲ್ಲಿ ಹೀಲಿಯಂನ ಹಳದಿ ಗೆರೆ ಕೆಂಪಿಗಿಂತ ಜೋರು. ಕೆಂಪು ಇಷ್ಟು ಜೋರಾಗಿ ಕಾಣುವಾಗ ಹಳದಿ ಅದಕ್ಕಿಂತ ಜೋರಾಗಿ ಕಾಣಬೇಕು. ಅಲ್ಲಿ ಅಂಥ ಗೆರೆ ಇಲ್ಲ. ವಾದ ಅಲ್ಲಿಗೆ ಮುಗಿಯಿತು.

ಇನ್ನು ಹೈಡ್ರೋಜನ್. 667.80 ಅನ್ನು 494.67ರಿಂದ ಭಾಗಿಸಿ ನೋಡಿ. 1.35 ಬರುತ್ತದೆ. ಹೈಡ್ರೋಜನ್‌ನ ಎರಡು ಗೆರೆಗಳ ನಡುವೆ ಇರಬೇಕಾದ ಅದೇ ಅನುಪಾತ. ಎರಡೂ ಗೆರೆ ತಮ್ಮ ಜಾಗ ಬಿಟ್ಟಿವೆ, ಆದರೆ ಅವುಗಳ ನಡುವಿನ ಸಂಬಂಧ ಬಿಟ್ಟಿಲ್ಲ. ಬಯಲಾಟದಲ್ಲಿ ಹಾರ್ಮೋನಿಯಂನವರು ಕರಿ ಒಂದು ಬಿಟ್ಟು ಕರಿ ಎರಡಕ್ಕೆ ಶ್ರುತಿ ಏರಿಸಿದರೆ, ಪ್ರತಿ ಸ್ವರವೂ ಬದಲಾಗುತ್ತದೆ. ಆದರೂ ಕೂತು ಕೇಳುವವರಿಗೆ ಅದೇ ಹಾಡು ಅಂತ ಗೊತ್ತಾಗುತ್ತದೆ ಅಲ್ವಾ? ಎಲ್ಲ ಸ್ವರಗಳೂ ಒಂದೇ ಸಂಖ್ಯೆಯಿಂದ ಗುಣವಾಗಿರುತ್ತವೆ, ಒಂದಕ್ಕೊಂದರ ಅನುಪಾತ ಹಾಗೇ ಉಳಿದಿರುತ್ತದೆ. ಗೆರೆಗಳ ವಿಷಯದಲ್ಲೂ ನಡೆಯೋದು ಅದೇ ಗುಣಾಕಾರ.

ಆ ಗುಣಾಕಾರ ಎಷ್ಟು ಅಂತ ಕೆಂಪು ಗೆರೆಯಿಂದ ತೆಗೆಯೋಣ:

```
z = (667.80 - 656.28) / 656.28 = 0.01755
```

ಈ z ಅನ್ನೋದೇ ರೆಡ್‌ಶಿಫ್ಟ್. ಹೈಡ್ರೋಜನ್‌ನ ಇನ್ನೊಂದು ಗೆರೆಯಿಂದ ತೆಗೆದರೆ 0.01757. ಉಳಿದ ಎರಡು ಗೆರೆಗಳು ಆಮ್ಲಜನಕದ್ದು. ನಿಂತ ಅನಿಲದಲ್ಲಿ ಅವು 495.89 ಮತ್ತು 500.68ರಲ್ಲಿ ಇರುತ್ತವೆ. ಅಲ್ಲಿಂದಲೂ 0.01756 ಬರುತ್ತದೆ. ಆಮ್ಲಜನಕದ ಈ ಜೋಡಿಗೆ ಇನ್ನೊಂದು ಗುರುತು ಇದೆ. ಎರಡೂ ಒಂದೇ ಮೇಲಿನ ಮಟ್ಟದಿಂದ ಇಳಿಯುವ ಬೆಳಕಾದ್ದರಿಂದ, 500.68ರ ಗೆರೆ ಯಾವಾಗಲೂ ಇನ್ನೊಂದರ ಸುಮಾರು ಮೂರು ಪಟ್ಟು ಜೋರಾಗಿರುತ್ತದೆ. ಜಾಗವೂ ಹೊಂದಬೇಕು, ಜೋರೂ ಹೊಂದಬೇಕು. ಎರಡೂ ಹೊಂದಿದ ಮೇಲೆ ಅನುಮಾನಕ್ಕೆ ಜಾಗ ಇಲ್ಲ. ಗಂಟು ಬಿಚ್ಚಿತು. ಯಾವ ಧಾತುಗಳು, ಎಷ್ಟು ಸರಿದಿವೆ, ಎರಡೂ ಒಟ್ಟಿಗೇ ಗೊತ್ತಾದವು. ಈ ಗ್ಯಾಲಕ್ಸಿಯಲ್ಲಿ ಹೀಲಿಯಂ ಗೆರೆ ಬೇಕು ಅಂದರೆ ಇನ್ನು ಮೇಲೆ 597.9ರ ಹತ್ತಿರ ಹುಡುಕಬೇಕು.

ಈ ಆಮ್ಲಜನಕದ ಗೆರೆಗಳು ನಮ್ಮ ಲ್ಯಾಬ್‌ನಲ್ಲಿ ಜನ್ಮದಲ್ಲಿ ಕಾಣಲ್ಲ ಅನ್ನೋದನ್ನೂ ಹೇಳಿಬಿಡುತ್ತೇನೆ. ಆ ಮಟ್ಟದಿಂದ ಎಲೆಕ್ಟ್ರಾನ್ ತಾನಾಗಿ ಇಳಿಯೋಕೆ ಬಹಳ ಹೊತ್ತು ಬೇಕು. ಇಲ್ಲಿನ ಅನಿಲದಲ್ಲಿ ಅಷ್ಟರೊಳಗೆ ಇನ್ನೊಂದು ಕಣ ಬಂದು ಗುದ್ದಿ ಆ ಶಕ್ತಿಯನ್ನು ಕಿತ್ತುಕೊಂಡು ಹೋಗುತ್ತದೆ. ಗ್ಯಾಲಕ್ಸಿಯ ಅನಿಲ ಎಷ್ಟು ತೆಳು ಅಂದರೆ ಅಲ್ಲಿ ಗುದ್ದೋಕೆ ಯಾರೂ ಬರಲ್ಲ. ಹಾಗಾಗಿ 1864ರಲ್ಲಿ ಹಗಿನ್ಸ್ ಈ ಗೆರೆಗಳನ್ನು ಆಕಾಶದಲ್ಲಿ ನೋಡಿದಾಗ ಇದಾವುದೋ ಹೊಸ ಧಾತು ಇರಬೇಕು ಅನ್ನೋ ಅನುಮಾನ ಹುಟ್ಟಿತು. ಅದಕ್ಕೆ ನೆಬ್ಯುಲಿಯಂ ಅಂತ ಹೆಸರೂ ಬಿತ್ತು. ಹೀಲಿಯಂ ಕಥೆ ನಿಜವಾಯಿತು, ನೆಬ್ಯುಲಿಯಂ ಕಥೆ ಸುಳ್ಳಾಯಿತು. 1927ರಲ್ಲಿ ಬೋವೆನ್ ಇದು ಎರಡು ಎಲೆಕ್ಟ್ರಾನ್ ಕಳೆದುಕೊಂಡ ಮಾಮೂಲಿ ಆಮ್ಲಜನಕ ಅಂತ ತೋರಿಸಿದ.

ಇದನ್ನೆಲ್ಲ ರಾತ್ರಿ ಶಿಫ್ಟಿನಲ್ಲಿ ಹೇಳುತ್ತಿದ್ದಾಗ, ನಮ್ಮ ಜೊತೆ ಹೊಸದಾಗಿ ಸೇರಿದ ಹುಡುಗನೊಬ್ಬ ಸರಿಯಾದ ಪ್ರಶ್ನೆ ಕೇಳಿದ: "ಸರ್, ಅವರ ಮಷೀನೂ ನಮ್ದರಂಗೆ ಡ್ರಿಫ್ಟ್ ಆಗಲ್ವಾ? ಗೆರೆ ಸರಿದಿದ್ದು ಗ್ಯಾಲಕ್ಸಿ ಓಡಿದ್ದಕ್ಕೇ ಅಂತ ಹೆಂಗ್ ಹೇಳ್ತಾರೆ?"

ಕೇಳಿದ್ದರಲ್ಲಿ ಅರ್ಥ ಇತ್ತು. ನಮ್ಮ ಸ್ಪೆಕ್ಟ್ರೋದಲ್ಲಿ ಒಳಗಿನ ಉಷ್ಣತೆ ಚೂರು ಏರಿಳಿದರೂ ಗೆರೆಗಳು ಡಿಟೆಕ್ಟರ್ ಮೇಲೆ ಜಾಗ ತಪ್ಪುತ್ತವೆ. ಅದಕ್ಕೇ ಗೊತ್ತಿರುವ ಸ್ಯಾಂಪಲ್ ಇಟ್ಟು ಆಗಾಗ ಸರಿಪಡಿಸುತ್ತಿರುತ್ತೇವೆ. ಟೆಲಿಸ್ಕೋಪಿನವರೂ ಅದನ್ನೇ ಮಾಡುತ್ತಾರೆ. ಲಡಾಖಿನ ಹಾನ್ಲೆಯಲ್ಲಿ ಭಾರತೀಯ ಖಭೌತ ಸಂಸ್ಥೆಯ 2 ಮೀಟರ್ ಟೆಲಿಸ್ಕೋಪ್ ಇದೆ. ಅದನ್ನು ಬೆಂಗಳೂರಿನ ಹತ್ತಿರದ ಹೊಸಕೋಟೆಯಲ್ಲಿ ಕೂತು ನಡೆಸುತ್ತಾರೆ. ಗ್ಯಾಲಕ್ಸಿಯ ಬೆಳಕು ತೆಗೆದುಕೊಂಡ ಹಾಗೇ, ಅದೇ ಉಪಕರಣದ ಮೂಲಕ ಒಂದು ದೀಪದ ಬೆಳಕನ್ನೂ ಹಾಯಿಸಿ ಚಿತ್ರ ತೆಗೆಯುತ್ತಾರೆ. ಆ ದೀಪಗಳಲ್ಲಿ ಒಂದು ಕಬ್ಬಿಣ ಮತ್ತು ಆರ್ಗಾನ್‌ದು. ಆರ್ಗಾನ್‌ನಲ್ಲಿ ಕಬ್ಬಿಣ ಹೊಳೆಸೋದು! ನಾವು ತೋರಣಗಲ್ಲಿನಲ್ಲಿ ದಿನಾ ಮಾಡೋದೂ ಅದೇ. ಆ ಕಬ್ಬಿಣದ ಗೆರೆಗಳ ಜಾಗ ಕರಾರುವಾಕ್ಕಾಗಿ ಗೊತ್ತಿರುವುದರಿಂದ, ಡಿಟೆಕ್ಟರ್‌ನ ಯಾವ ಚುಕ್ಕಿ ಎಷ್ಟು ನ್ಯಾನೋಮೀಟರ್ ಅನ್ನೋ ಅಳತೆಪಟ್ಟಿ ಸಿದ್ಧವಾಗುತ್ತದೆ.

ಇನ್ನೊಂದು ಸಾಕ್ಷಿ ಪುಕ್ಕಟೆ ಸಿಗುತ್ತದೆ. ಭೂಮಿಯ ವಾತಾವರಣದ ಮೇಲ್ಪದರದ ಆಮ್ಲಜನಕ ರಾತ್ರಿಯೆಲ್ಲ 557.7ರಲ್ಲಿ ಮಂದವಾಗಿ ಹೊಳೆಯುತ್ತಿರುತ್ತದೆ. ಊರಿನ ಹತ್ತಿರ ಇದ್ದರೆ ಬೀದಿದೀಪದ ಸೋಡಿಯಂ ಕೂಡ ಕಾಣುತ್ತದೆ. ಇವು ಗ್ಯಾಲಕ್ಸಿಯ ಬೆಳಕಿನ ಮೇಲೇ ಬಿದ್ದಿರುತ್ತವೆ. ಉಪಕರಣ ಕೆಟ್ಟಿದ್ದರೆ ಇವೂ ಸರಿಯಬೇಕಿತ್ತು. ಇವು ತಮ್ಮ ಜಾಗದಲ್ಲಿದ್ದು ಗ್ಯಾಲಕ್ಸಿಯ ಗೆರೆ ಮಾತ್ರ ಸರಿದಿದ್ದರೆ, ತಪ್ಪು ಮಷೀನಿನದಲ್ಲ.

ಮತ್ತೆ ಡ್ರಿಫ್ಟ್‌ನ ನಡತೆಯೇ ಬೇರೆ. ಉಪಕರಣ ಜಾಗ ತಪ್ಪಿದರೆ ಎಲ್ಲ ಗೆರೆಗಳೂ ಹೆಚ್ಚೂಕಮ್ಮಿ ಒಂದೇ ಅಳತೆಗೆ ಸರಿಯುತ್ತವೆ. ಮೇಲಿನ ಲೆಕ್ಕದಲ್ಲಿ ಹಾಗಾಗಿಲ್ಲ. ಕೆಂಪು ಗೆರೆ 11.52 ನ್ಯಾನೋಮೀಟರ್ ಸರಿದಿದೆ, ಹೈಡ್ರೋಜನ್‌ನ ಎರಡನೇ ಗೆರೆ 8.54 ಮಾತ್ರ. ಉದ್ದ ಅಲೆ ಜಾಸ್ತಿ ಸರಿಯುತ್ತದೆ, ಗಿಡ್ಡ ಅಲೆ ಕಮ್ಮಿ ಸರಿಯುತ್ತದೆ. ಸರಿದಿದ್ದು ತನ್ನ ಅಲೆಯುದ್ದಕ್ಕೆ ತಕ್ಕ ಪಾಲಿನಲ್ಲಿ ಇದ್ದರೆ ಮಾತ್ರ ಅದು ರೆಡ್‌ಶಿಫ್ಟ್. ಹುಡುಗನಿಗೆ ಒಪ್ಪಿಗೆಯಾಗಿದ್ದು ಈ ಮಾತೇ.

ಸಣ್ಣದೊಂದು ಗುಂಡಿ ಇದೆ, ಹೊಸಬರು ಅದರಲ್ಲಿ ಬೀಳುತ್ತಾರೆ. ಗೆರೆಗಳ ಪಟ್ಟಿಗಳು ಎರಡು ಥರ ಇವೆ. ಕೆಲವು ಗಾಳಿಯಲ್ಲಿ ಅಳೆದ ಬೆಲೆ ಕೊಡುತ್ತವೆ, ಕೆಲವು ನಿರ್ವಾತದ ಬೆಲೆ. 656.28 ಗಾಳಿಯದು. ನಿರ್ವಾತದಲ್ಲಿ ಅದೇ ಗೆರೆ 656.46. ಒಂದರಿಂದ ಅಳೆದು ಇನ್ನೊಂದರ ಜೊತೆ ಹೋಲಿಸಿದರೆ, ಸೆಕೆಂಡಿಗೆ ಸುಮಾರು 80 ಕಿಲೋಮೀಟರ್ ಸುಳ್ಳು ವೇಗ ಸೇರಿಕೊಳ್ಳುತ್ತದೆ. ಇದನ್ನು ಅನುಪಾತದಿಂದ ಹಿಡಿಯೋಕೂ ಆಗಲ್ಲ. ಯಾಕಂದರೆ ಈ ತಪ್ಪೂ ಎಲ್ಲ ಗೆರೆಗಳಿಗೂ ಸುಮಾರಾಗಿ ಒಂದೇ ಪಾಲಿನಲ್ಲಿ ಸೇರುತ್ತದೆ. ಯಾವ ಪಟ್ಟಿ ಅಂತ ಮೊದಲೇ ನೋಡಿಕೊಳ್ಳುವುದು ಬಿಟ್ಟು ಬೇರೆ ದಾರಿ ಇಲ್ಲ.

ಈಗ ವೇಗ. z ಚಿಕ್ಕದಾಗಿದ್ದಾಗ ಅದನ್ನು ಬೆಳಕಿನ ವೇಗದಿಂದ ಗುಣಿಸಿದರೆ ಸಾಕು. 0.01756 ಅನ್ನು 2,99,792ರಿಂದ ಗುಣಿಸಿದರೆ ಸೆಕೆಂಡಿಗೆ ಸುಮಾರು 5,260 ಕಿಲೋಮೀಟರ್. ಇದರಲ್ಲಿ ಹೆಚ್ಚಿನ ಪಾಲು ಗ್ಯಾಲಕ್ಸಿ ಜಾಗದೊಳಗೆ ಓಡುತ್ತಿರುವುದರಿಂದ ಬಂದಿದ್ದಲ್ಲ. ನಮಗೂ ಅದಕ್ಕೂ ನಡುವಿನ ಜಾಗವೇ ಹಿಗ್ಗುತ್ತಿದೆ, ದಾರಿಯಲ್ಲಿದ್ದ ಬೆಳಕಿನ ಅಲೆಯೂ ಜೊತೆಗೆ ಹಿಗ್ಗಿದೆ. ಹತ್ತಿರದ ಗ್ಯಾಲಕ್ಸಿಗಳಲ್ಲಿ ಮಾತ್ರ ನಿಜವಾದ ಓಟ ಮೇಲುಗೈ ಆಗುತ್ತದೆ. 1912ರಲ್ಲಿ ಸ್ಲೈಫರ್ ಆಂಡ್ರೊಮಿಡಾದ ಗೆರೆಗಳನ್ನು ಅಳೆದಾಗ ಅವು ನೀಲಿ ಕಡೆಗೆ ಸರಿದಿದ್ದವು. ಅದು ಸೆಕೆಂಡಿಗೆ 300 ಕಿಲೋಮೀಟರ್ ವೇಗದಲ್ಲಿ ನಮ್ಮ ಕಡೆಗೇ ಬರುತ್ತಿದೆ.

ಜಾಗ ಹಿಗ್ಗುವ ದರ ಗೊತ್ತಿದ್ದರೆ ವೇಗದಿಂದ ದೂರ ತೆಗೆಯಬಹುದು. 10 ಲಕ್ಷ ಪಾರ್ಸೆಕ್ ದೂರಕ್ಕೆ, ಅಂದರೆ ಸುಮಾರು 32.6 ಲಕ್ಷ ಜ್ಯೋತಿರ್ವರ್ಷಕ್ಕೆ, ಸೆಕೆಂಡಿಗೆ 70 ಕಿಲೋಮೀಟರ್ ಅಂತ ಹಿಡಿಯೋಣ. ಎನ್‌ಜಿಸಿ 1275 ಸುಮಾರು 24.5 ಕೋಟಿ ಜ್ಯೋತಿರ್ವರ್ಷ ದೂರ ಅಂತ ಬರುತ್ತದೆ. ಇಲ್ಲಿವರೆಗೆ ಎಲ್ಲ ಸಲೀಸು.

ಆದರೆ ನಾನು ಈ ಗ್ಯಾಲಕ್ಸಿಯನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ಬೇರೆ ಇದೆ. 1950ರ ದಶಕದಲ್ಲಿ ಮಿಂಕೋವ್‌ಸ್ಕಿ ಇದರ ಸ್ಪೆಕ್ಟ್ರಮ್ ತೆಗೆದಾಗ, ಕೆಲವು ಜಾಗಗಳಲ್ಲಿ ಗೆರೆಗಳು ಎರಡೆರಡು ಸೆಟ್ ಇದ್ದವು. ಒಂದು ಸೆಟ್ ನಾವು ನೋಡಿದ್ದು. ಇನ್ನೊಂದರಲ್ಲಿ ಹೈಡ್ರೋಜನ್‌ನ ಕೆಂಪು ಗೆರೆ 674.2ರ ಹತ್ತಿರ. ಅದರ ಲೆಕ್ಕ ಹಾಕಿದರೆ ವೇಗ ಸೆಕೆಂಡಿಗೆ 8,200 ಕಿಲೋಮೀಟರ್. ಫೋಟೋದಲ್ಲಿ ಒಂದೇ ಗ್ಯಾಲಕ್ಸಿ ಥರ ಕಾಣುವ ಜಾಗದಲ್ಲಿ ಎರಡು ವೇಗ. ಒಂದರ ಮೇಲೊಂದು ಬಿದ್ದು ಕಾಣುವ ಎರಡು ಬೇರೆ ಬೇರೆ ವಸ್ತುಗಳು ಅನ್ನೋದು ಗೆರೆಗಳಿಂದಲೇ ಗೊತ್ತಾಗಿದ್ದು.

ಹಾಗಾದರೆ ಯಾವುದು ಮುಂದೆ, ಯಾವುದು ಹಿಂದೆ? ಮೇಲಿನ ಸೂತ್ರ ಕೇಳಿದರೆ 8,200ರದ್ದು 38 ಕೋಟಿ ಜ್ಯೋತಿರ್ವರ್ಷ ದೂರ, ಅಂದರೆ ಎಷ್ಟೋ ಹಿಂದೆ ಅನ್ನುತ್ತದೆ. ಅದು ತಪ್ಪು. ಎನ್‌ಜಿಸಿ 1275ರ ನಡುವಿನಿಂದ ಜೋರಾದ ರೇಡಿಯೋ ಅಲೆಗಳು ಬರುತ್ತವೆ. ಅವುಗಳಲ್ಲಿ ಹೈಡ್ರೋಜನ್‌ನ 21 ಸೆಂಟಿಮೀಟರ್ ಗೆರೆಯನ್ನು ಹುಡುಕಿದಾಗ, 8,200 ಕಿಲೋಮೀಟರ್ ವೇಗಕ್ಕೆ ಹೊಂದುವ ಜಾಗದಲ್ಲಿ ಒಂದು ತಗ್ಗು ಸಿಕ್ಕಿತು. ಅಲ್ಲಿನ ಅಲೆಗಳನ್ನು ಯಾವುದೋ ಅನಿಲ ನುಂಗಿದೆ. ನುಂಗಬೇಕಾದರೆ ಆ ಅನಿಲ ನಮಗೂ ಎನ್‌ಜಿಸಿ 1275ರ ರೇಡಿಯೋ ಮೂಲಕ್ಕೂ ಮಧ್ಯದಲ್ಲಿ ಇರಲೇಬೇಕು. ಎಕ್ಸ್‌ರೇ ಚಿತ್ರಗಳಲ್ಲೂ ಅದೇ ಅನಿಲದ ನೆರಳು ಕಾಣುತ್ತದೆ. ಅಂದರೆ ಹೆಚ್ಚು ರೆಡ್‌ಶಿಫ್ಟ್ ಇರುವ ವಸ್ತು ನಮಗೆ ಹತ್ತಿರ ಇದೆ!

ಇದರಲ್ಲಿ ವಿರೋಧ ಏನಿಲ್ಲ. ಪೆರ್ಸಿಯಸ್ ಗುಚ್ಛದ ಗುರುತ್ವಕ್ಕೆ ಸಿಕ್ಕಿದ ಸುರುಳಿ ಗ್ಯಾಲಕ್ಸಿ ಅದು. ನಮ್ಮ ಕಡೆಯಿಂದ ಗುಚ್ಛದ ನಡುವಿಗೆ ಸೆಕೆಂಡಿಗೆ ಸುಮಾರು 3,000 ಕಿಲೋಮೀಟರ್ ವೇಗದಲ್ಲಿ ಬೀಳುತ್ತಿದೆ. ಜಾಗ ಹಿಗ್ಗುವುದರಿಂದ ಬಂದ ಸುಮಾರು 5,200ಕ್ಕೆ ಈ ಬೀಳುವ ಸುಮಾರು 3,000 ಸೇರಿ 8,200 ಆಗಿದೆ. ಗೆರೆಗೆ ಇವೆರಡರ ವ್ಯತ್ಯಾಸ ಗೊತ್ತಿಲ್ಲ, ಅದು ಒಟ್ಟು ಮೊತ್ತವನ್ನಷ್ಟೇ ಹೇಳುತ್ತದೆ. ಅದೂ ನಮ್ಮ ದೃಷ್ಟಿಯ ನೇರಕ್ಕೆ ಇರುವ ವೇಗ ಮಾತ್ರ. ಗ್ಯಾಲಕ್ಸಿ ಪಕ್ಕಕ್ಕೆ ಎಷ್ಟು ಸರಿಯುತ್ತಿದೆ ಅನ್ನೋದು ಇದರಿಂದ ಸಿಗಲ್ಲ. ಗುಚ್ಛದೊಳಗಿನ ಒಂದೊಂದು ಗ್ಯಾಲಕ್ಸಿಯ ರೆಡ್‌ಶಿಫ್ಟ್ ಹಿಡಿದು ಸುಮ್ನೆ ದೂರದ ಪಟ್ಟಿ ಮಾಡಿಕೊಂಡು ಕೂತರೆ ಇಂಥ ಎಡವಟ್ಟು ಆಗುತ್ತದೆ. ಅದಕ್ಕೇ ಗುಚ್ಛದ ದೂರ ಬೇಕಾದರೆ ಬಹಳ ಸದಸ್ಯರ ಸರಾಸರಿ ತೆಗೆಯುತ್ತಾರೆ.

ಇನ್ನು ಉಳಿದಿದ್ದು ಧಾತುವಿನ ಪ್ರಮಾಣ. ಆಮ್ಲಜನಕ ಇದೆ ಅನ್ನೋದು ಗೊತ್ತಾಯಿತು. ಎಷ್ಟಿದೆ? ಗೆರೆ ಜೋರಾಗಿದ್ದರೆ ಧಾತು ಜಾಸ್ತಿ ಅಂತ ಅನಿಸುತ್ತದೆ. ನಮ್ಮ ಲ್ಯಾಬ್‌ನಲ್ಲಿ ಆ ಮಾತು ನಡೆಯುತ್ತದೆ, ಯಾಕಂದರೆ ಪ್ರತಿ ಸ್ಪಾರ್ಕೂ ಒಂದೇ ಥರ, ಹೋಲಿಸೋಕೆ ಪ್ರಮಾಣ ಗೊತ್ತಿರುವ ಸ್ಟ್ಯಾಂಡರ್ಡ್ ತುಂಡುಗಳಿವೆ. ಗ್ಯಾಲಕ್ಸಿಯಲ್ಲಿ ಅನಿಲ ಎಷ್ಟು ಬಿಸಿ ಇದೆ ಅನ್ನೋದೇ ಗೊತ್ತಿರಲ್ಲ. ಆಮ್ಲಜನಕದ ಆ ಹಸಿರು ಗೆರೆಗಳು ಬಿಸಿಗೆ ಬಹಳ ಬೇಗ ಜೋರಾಗುತ್ತವೆ. ಅದರಲ್ಲೂ ಒಂದು ತಿರುವು ಇದೆ: ಈ ಗೆರೆಗಳ ಮೂಲಕವೇ ಅನಿಲ ತನ್ನ ಬಿಸಿಯನ್ನು ಹೊರಹಾಕೋದು. ಆಮ್ಲಜನಕ ಕಮ್ಮಿ ಇದ್ದರೆ ಅನಿಲ ತಣ್ಣಗಾಗಲ್ಲ, ಬಿಸಿಯಾಗೇ ಉಳಿಯುತ್ತದೆ. ಹಾಗಾಗಿ ಎಷ್ಟೋ ಸಲ ಆಮ್ಲಜನಕ ಕಮ್ಮಿ ಇರುವ ಅನಿಲದಲ್ಲೇ ಅದರ ಗೆರೆ ಜೋರಾಗಿ ಕಾಣುತ್ತದೆ.

ಇದನ್ನು ಬಿಡಿಸೋಕೆ 436.3ರಲ್ಲಿರುವ ಆಮ್ಲಜನಕದ ಇನ್ನೊಂದು ಗೆರೆಯನ್ನು ಹುಡುಕುತ್ತಾರೆ. ಅದು ಇನ್ನೂ ಮೇಲಿನ ಮಟ್ಟದಿಂದ ಬರುವುದರಿಂದ ಅನಿಲ ತುಂಬಾ ಬಿಸಿ ಇದ್ದರೆ ಮಾತ್ರ ಚೆನ್ನಾಗಿ ಕಾಣುತ್ತದೆ. ಅದಕ್ಕೂ ಹಸಿರು ಗೆರೆಗಳಿಗೂ ಇರುವ ಅನುಪಾತ ಉಷ್ಣತೆಯನ್ನು ಹೇಳುತ್ತದೆ. ಉಷ್ಣತೆ ಸಿಕ್ಕ ಮೇಲೆ ಪ್ರಮಾಣದ ಲೆಕ್ಕ. ಕಷ್ಟ ಏನಂದರೆ ಆ ಗೆರೆ ಬಹಳ ಮಂದ, ಎಷ್ಟೋ ಗ್ಯಾಲಕ್ಸಿಗಳಲ್ಲಿ ಸಿಗುವುದೇ ಇಲ್ಲ. ಮತ್ತೆ ಈ ಲೆಕ್ಕವೆಲ್ಲ ಬಿಸಿ ನಕ್ಷತ್ರಗಳ ಬೆಳಕಿನಿಂದ ಕಾದ ಅನಿಲಕ್ಕೆ ಮಾತ್ರ ಸರಿ. ಎನ್‌ಜಿಸಿ 1275ರ ನಡುವಿನಲ್ಲಿ ಕಪ್ಪು ಕುಳಿಯ ಕಾಟ ಇರುವುದರಿಂದ ಅಲ್ಲಿ ಇದನ್ನು ಹಾಗೇ ಬಳಸಿದರೆ ತಪ್ಪು ಉತ್ತರ ಬರುತ್ತದೆ.

ಆದರೆ ಅದೇ ಗ್ಯಾಲಕ್ಸಿಯ ಸುತ್ತ ಹರಡಿರುವ ಇನ್ನೊಂದು ಅನಿಲ ಇದೆ. ಅದು ಇಡೀ ಪೆರ್ಸಿಯಸ್ ಗುಚ್ಛವನ್ನೇ ತುಂಬಿಕೊಂಡಿದೆ, ಕೋಟಿಗಟ್ಟಲೆ ಡಿಗ್ರಿ ಬಿಸಿ ಇದೆ. ಅಷ್ಟು ಬಿಸಿಗೆ ಅದು ಎಕ್ಸ್‌ರೇಯಲ್ಲಿ ಹೊಳೆಯುತ್ತದೆ. ಅದರಲ್ಲಿ ಎದ್ದು ಕಾಣೋದು ಕಬ್ಬಿಣದ ಗೆರೆ. ಕಬ್ಬಿಣದ 26 ಎಲೆಕ್ಟ್ರಾನ್‌ಗಳಲ್ಲಿ 24 ಕಿತ್ತುಹೋಗಿ ಎರಡು ಮಾತ್ರ ಉಳಿದಿರುತ್ತವೆ. ಆ ಗೆರೆಯ ಶಕ್ತಿ 6.7 ಕಿಲೋ ಎಲೆಕ್ಟ್ರಾನ್‌ವೋಲ್ಟ್, ಕಾಣೋದು 6.58ರಲ್ಲಿ. ಅಲೆ ಉದ್ದವಾದರೆ ಶಕ್ತಿ ಕಮ್ಮಿಯಾಗಬೇಕು, ಆಗಿದೆ. 6.7 ಅನ್ನು 1.01756ರಿಂದ ಭಾಗಿಸಿ ನೋಡಿ. ಹೈಡ್ರೋಜನ್ ಹೇಳಿದ ಅದೇ z ಇಲ್ಲಿಯೂ ಕೂತಿದೆ.

ಈ ಅನಿಲದಲ್ಲಿ ಸೂರ್ಯನಿಗೆ ಹೋಲಿಸಿದರೆ ಕಬ್ಬಿಣದ ಜೊತೆಗಿನ ನಿಕ್ಕಲ್ ಪಾಲು ವಿಪರೀತ ಜಾಸ್ತಿ ಅಂತ ಹಳೆಯ ಅಳತೆಗಳು ಹೇಳಿದ್ದವು. ಜಪಾನಿನ ಹಿಟೋಮಿ ಉಪಗ್ರಹ 2016ರಲ್ಲಿ ಪೆರ್ಸಿಯಸ್ ಕಡೆ ತಿರುಗಿ ನೋಡಿತು. ಅದರ ಉಪಕರಣ ಗೆರೆಗಳನ್ನು ಹಿಂದೆಂದೂ ಇಲ್ಲದಷ್ಟು ಚೂಪಾಗಿ ಬಿಡಿಸಿತು. ಆಗ ಗೊತ್ತಾಗಿದ್ದು: ನಿಕ್ಕಲ್ ಗೆರೆಯ ಪಕ್ಕದಲ್ಲೇ ಕಬ್ಬಿಣದ ಇನ್ನೊಂದು ಗೆರೆ ಇತ್ತು. ಹಳೆಯ ಡಿಟೆಕ್ಟರ್‌ಗಳಿಗೆ ಎರಡೂ ಕೂಡಿ ಒಂದೇ ಗುಡ್ಡದ ಹಾಗೆ ಕಂಡಿತ್ತು, ಕಬ್ಬಿಣದ ಬೆಳಕಿನ ಒಂದು ಪಾಲು ನಿಕ್ಕಲ್ ಖಾತೆಗೆ ಹೋಗಿತ್ತು. ಸ್ಪೆಕ್ಟ್ರೋ ಮುಂದೆ ಕೂರುವ ಯಾರಿಗಾದರೂ ಈ ತಾಪತ್ರಯ ಪರಿಚಯವೇ. ಬಿಡಿಸಿ ನೋಡಿದ ಮೇಲೆ ಕ್ರೋಮಿಯಂ, ಮ್ಯಾಂಗನೀಸ್, ನಿಕ್ಕಲ್ ಮೂರೂ ಕಬ್ಬಿಣದ ಜೊತೆ ಸೂರ್ಯನಲ್ಲಿರುವ ಪಾಲಿನ ಹತ್ತಿರಹತ್ತಿರವೇ ಇದ್ದವು.

ಹಿಟೋಮಿ ಹಾರಿದ್ದು ಫೆಬ್ರವರಿಯಲ್ಲಿ, ಮಾರ್ಚ್ 26ಕ್ಕೆ ಹತೋಟಿ ತಪ್ಪಿ ಗಿರಗಿರ ತಿರುಗಿ ಒಡೆದುಹೋಯಿತು. ಅದರ ಬದಲಿಗೆ 2023ರ ಸೆಪ್ಟೆಂಬರ್‌ನಲ್ಲಿ ಎಕ್ಸ್‌ರಿಸಂ ಅನ್ನೋ ಉಪಗ್ರಹ ಹೋಗಿದೆ. ಅದರ ಡಿಟೆಕ್ಟರ್ ಮುಂದಿನ ಒಂದು ಬಾಗಿಲು ತೆರೆದುಕೊಳ್ಳಲೇ ಇಲ್ಲ. ಮುಚ್ಚಿದ ಬಾಗಿಲಿನ ಕಿಟಕಿಯಿಂದಲೇ ಅದು ನೋಡಬೇಕು, ಸುಮಾರು 1.7 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ಗಿಂತ ಕಮ್ಮಿ ಶಕ್ತಿಯ ಎಕ್ಸ್‌ರೇ ಆ ಕಿಟಕಿ ದಾಟಲ್ಲ. ಆಮ್ಲಜನಕದ ಗೆರೆಗಳು ಅದಕ್ಕಿಂತ ಕೆಳಗಿವೆ, ಹಾಗಾಗಿ ಅವು ಸದ್ಯಕ್ಕೆ ಸಿಗಲ್ಲ. ಕಬ್ಬಿಣ, ನಿಕ್ಕಲ್, ಕ್ರೋಮಿಯಂ, ಮ್ಯಾಂಗನೀಸ್‌ಗೆ ಯಾವ ತೊಂದರೆಯೂ ಇಲ್ಲ.